ಯಾವ ಅಧ್ಯಾಯಕ್ಕೆ ಹೆಚ್ಚು ಅಂಕ, ಸ್ಲೈಡ್ ಸಿಗಬಹುದೇ: ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ಪ್ರತಿ ಸೆಮಿಸ್ಟರಿನ ಕೊನೆಯ ತಿಂಗಳು ಬರುವ ಇಮೇಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಎರಡೇ ವಿಷಯಗಳ ಬಗ್ಗೆ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಥ ಇಮೇಲ್ ಬರೆಯುವ ಮೊದಲು ನನ್ನ ಬಳಿ ಬಂದು ಕೇಳಿದ ಪ್ರಶ್ನೆಗಳನ್ನು, ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

“ಯಾವ ಅಧ್ಯಾಯ ಇಂಪಾರ್ಟೆಂಟ್?” ಎಂದು ನೇರವಾಗಿ ಕೇಳಿದರೆ ತಪ್ಪೇ?

ತಪ್ಪಲ್ಲ. ಆದರೆ ನೀವು ಕೇಳುತ್ತಿರುವ ವ್ಯಕ್ತಿಗೆ ಅದರ ಉತ್ತರ ಗೊತ್ತಿರುತ್ತದೆಯೇ ಎಂಬುದನ್ನು ಮೊದಲು ಯೋಚಿಸಬೇಕು. ನಮ್ಮ ಜಿಲ್ಲೆಯ ಬಹುಪಾಲು ಪದವಿ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಇಂಥ ಸಂಯೋಜಿತ ಕಾಲೇಜುಗಳಲ್ಲಿ ಪಾಠ ಮಾಡುವವರು ಒಬ್ಬರು, ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಬೇರೊಬ್ಬರು. ನಿಮ್ಮ ಸರ್ ಆ ಪ್ರಶ್ನೆಪತ್ರಿಕೆಯನ್ನು ನೋಡುವುದು ನೀವು ನೋಡುವ ದಿನವೇ. ಆದ್ದರಿಂದ “ಈ ಸಲ ಯಾವುದು ಬರುತ್ತದೆ ಸರ್” ಎಂದು ಕೇಳಿದರೆ ಅವರು ಊಹೆ ಮಾಡಬೇಕಾಗುತ್ತದೆ, ಮತ್ತು ಎಚ್ಚರದಿಂದಿರುವವರು ಊಹೆಯನ್ನು ಬರೆದು ಕಳುಹಿಸುವುದಿಲ್ಲ. “ಎಲ್ಲವನ್ನೂ ಓದಿ” ಎಂಬ ಒಂದು ಸಾಲಿನ ಉತ್ತರ ಬರುವುದು ಬಹಳ ಸಲ ಇದೇ ಕಾರಣಕ್ಕೆ, ಮೇಷ್ಟ್ರ ಸಿಡುಕಿನಿಂದಲ್ಲ.

ಸ್ವಂತ ವಿಭಾಗಗಳಲ್ಲಿಯೇ ಪಾಠ ನಡೆಸುವ ವಿಶ್ವವಿದ್ಯಾಲಯಗಳ ಮಾತು ಬೇರೆ. ನಮ್ಮಲ್ಲಿ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಅಂಥದ್ದು. ಇಂಥ ಕಡೆ ಸಾಮಾನ್ಯವಾಗಿ ಕಲಿಸಿದವರೇ ಪ್ರಶ್ನೆಗಳನ್ನೂ ಬರೆಯುತ್ತಾರೆ. ಅಲ್ಲಿ ಅದೇ ಪ್ರಶ್ನೆಯನ್ನು ಕೇಳಿದರೆ ಅವರಿಗೆ ಉತ್ತರ ಗೊತ್ತಿರುತ್ತದೆ, ಆದರೆ ನಿಮಗೊಬ್ಬರಿಗೆ ಮಾತ್ರ ಹೇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಎರಡೂ ಕಡೆ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡು ಕೇಳಬೇಕಾಗುತ್ತದೆ. ಹೇಗೆಂಬುದು ಮುಂದೆ ಬರುತ್ತದೆ.

ಆಂತರಿಕ ಪರೀಕ್ಷೆಯ, ಅಂದರೆ ಇಂಟರ್ನಲ್‌ನ ವಿಷಯದಲ್ಲಿ ಮಾತ್ರ ನಿಮ್ಮ ಅಧ್ಯಾಪಕರೇ ಎಲ್ಲ. “ಮೊದಲ ಇಂಟರ್ನಲ್‌ಗೆ ಎಲ್ಲಿಯವರೆಗೆ ಪೋರ್ಷನ್?” ಎಂದು ಯಾವ ಸಂಕೋಚವೂ ಇಲ್ಲದೆ ಕೇಳಬಹುದು.

ಇಮೇಲ್ ಕಳುಹಿಸುವ ಮೊದಲು ನಾನೇ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಮೂರು ಕಾಗದಗಳಿವೆ: ಸಿಲೆಬಸ್, ಪ್ರಶ್ನೆಪತ್ರಿಕೆಯ ವಿನ್ಯಾಸ, ಮತ್ತು ಸಿಕ್ಕಷ್ಟು ಹಳೆಯ ಪ್ರಶ್ನೆಪತ್ರಿಕೆಗಳು. ಸಿಲೆಬಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುತ್ತದೆ. ಪ್ರತಿ ಮಾಡ್ಯೂಲಿನ ಎದುರು ಅದಕ್ಕೆ ಎಷ್ಟು ಗಂಟೆಗಳ ಪಾಠ ಎಂದು ಬರೆದಿರುತ್ತಾರೆ, ಕೆಲವು ಸಿಲೆಬಸ್‌ಗಳಲ್ಲಿ ಮಾಡ್ಯೂಲಿಗೆ ಇಷ್ಟು ಅಂಕ ಎಂಬ ಕೋಷ್ಟಕವೂ ಇರುತ್ತದೆ. ಆ ಕೋಷ್ಟಕ ಇದ್ದರೆ ನಿಮ್ಮ ಇಮೇಲಿನ ಮೊದಲ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಂತಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಕಟ್ಟಿಟ್ಟಿರುತ್ತಾರೆ, ಇಲ್ಲದಿದ್ದರೆ ಹಿಂದಿನ ಬ್ಯಾಚಿನ ಅಕ್ಕ ಅಣ್ಣಂದಿರ ಫೋನಿನಲ್ಲಿ ಚಿತ್ರಗಳಾಗಿ ಇದ್ದೇ ಇರುತ್ತವೆ.

ಒಂದು ಎಚ್ಚರಿಕೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಅದಕ್ಕಿಂತ ಹಿಂದಿನ ಪ್ರಶ್ನೆಪತ್ರಿಕೆ ಕೋರ್ಸಿನ ಹೆಸರು ಒಂದೇ ಇದ್ದರೂ ಬೇರೆ ಸಿಲೆಬಸ್ಸಿನದು. ಹೊಸ ಸಿಲೆಬಸ್‌ಗಳಲ್ಲಿ ಅಧ್ಯಾಪಕರೇ ರೂಪಿಸುವ ಒಂದು ಭಾಗವೂ ಇರಬಹುದು. ನಿಮ್ಮ ಕೋರ್ಸಿನಲ್ಲಿ ಅಂಥದ್ದಿದ್ದರೆ, ಅದರ ಅಂಕ ಇಂಟರ್ನಲ್‌ನಲ್ಲಿ ಸೇರುತ್ತದೆಯೇ ಎಂಬುದು ಇಮೇಲಿನಲ್ಲಿ ಕೇಳಲು ಬಹಳ ಯೋಗ್ಯವಾದ ಪ್ರಶ್ನೆ.

ಹಳೆಯ ಪ್ರಶ್ನೆಪತ್ರಿಕೆಯಿಂದ ಅಧ್ಯಾಯದ ತೂಕವನ್ನು ಲೆಕ್ಕ ಹಾಕುವುದು ಹೇಗೆ?

ಕಳೆದ ವರ್ಷ ಬದಿಯಡ್ಕದ ಕಡೆಯ ಒಬ್ಬ ವಿದ್ಯಾರ್ಥಿನಿ ನನ್ನೆದುರು ಕುಳಿತು ಇದನ್ನು ಮಾಡಿದಳು. ಅವಳು ಇಟ್ಟುಕೊಂಡಿದ್ದ ಮಾದರಿ ಪ್ರಶ್ನೆಪತ್ರಿಕೆಯ ಲೆಕ್ಕವನ್ನೇ ಕೊಡುತ್ತೇನೆ. ನಿಮ್ಮ ಕೋರ್ಸಿನ ವಿನ್ಯಾಸ ಬೇರೆ ಇರಬಹುದು, ದಾರಿ ಮಾತ್ರ ಇದೇ.

ಸೂಕ್ಷ್ಮ ಅರ್ಥಶಾಸ್ತ್ರದ ಕೋರ್ಸ್, ನಾಲ್ಕು ಮಾಡ್ಯೂಲ್. ಒಂದನೆಯದು ಮೂಲ ಪರಿಕಲ್ಪನೆಗಳು, ಎರಡನೆಯದು ಬೇಡಿಕೆ ಮತ್ತು ಗ್ರಾಹಕನ ವರ್ತನೆ, ಮೂರನೆಯದು ಉತ್ಪಾದನೆ ಮತ್ತು ವೆಚ್ಚ, ನಾಲ್ಕನೆಯದು ಮಾರುಕಟ್ಟೆಗಳು. ಪ್ರಶ್ನೆಪತ್ರಿಕೆ 70 ಅಂಕದ್ದು. ‘ಎ’ ಭಾಗದಲ್ಲಿ ಎರಡು ಅಂಕದ 12 ಪ್ರಶ್ನೆಗಳಲ್ಲಿ 10ಕ್ಕೆ ಉತ್ತರಿಸಬೇಕು. ‘ಬಿ’ ಭಾಗದಲ್ಲಿ ಐದು ಅಂಕದ 8ರಲ್ಲಿ 6ಕ್ಕೆ, ‘ಸಿ’ ಭಾಗದಲ್ಲಿ ಹತ್ತು ಅಂಕದ 4ರಲ್ಲಿ 2ಕ್ಕೆ. ಅವಳು ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಮಾಡ್ಯೂಲಿನ ಸಂಖ್ಯೆ ಬರೆಯುತ್ತಾ ಹೋದಳು. ಕೊನೆಗೆ ಸಿಕ್ಕಿದ ಲೆಕ್ಕ ಹೀಗಿತ್ತು:

| ಮಾಡ್ಯೂಲ್ | ‘ಎ’ (2 ಅಂಕ) | ‘ಬಿ’ (5 ಅಂಕ) | ‘ಸಿ’ (10 ಅಂಕ) | ಅಚ್ಚಾದ ಅಂಕ |
|---|---|---|---|---|
| 1 | 3 | 2 | 0 | 16 |
| 2 | 3 | 2 | 2 | 36 |
| 3 | 4 | 3 | 1 | 33 |
| 4 | 2 | 1 | 1 | 19 |
| ಒಟ್ಟು | 12 | 8 | 4 | 104 |

ಉತ್ತರಿಸಬೇಕಾದದ್ದು 70 ಅಂಕಕ್ಕಾದರೂ ಆಯ್ಕೆ ಇರುವುದರಿಂದ ಅಚ್ಚಾದದ್ದು 104 ಅಂಕದ ಪ್ರಶ್ನೆಗಳು. “ಸರ್, ಎರಡನೇ ಮಾಡ್ಯೂಲೇ ದೊಡ್ಡದು, 36 ಅಂಕ” ಎಂದಳು. ಅಷ್ಟಕ್ಕೆ ನಿಲ್ಲಿಸಬೇಡ, ಒಂದೊಂದೇ ಮಾಡ್ಯೂಲನ್ನು ಬಿಟ್ಟರೆ ಎಷ್ಟು ನಷ್ಟ ಎಂದು ನೋಡು ಎಂದೆ.

ಎರಡನೇ ಮಾಡ್ಯೂಲನ್ನು ಪೂರ್ತಿ ಬಿಟ್ಟರೆ ‘ಎ’ ಭಾಗದಲ್ಲಿ 9 ಪ್ರಶ್ನೆ ಉಳಿಯುತ್ತವೆ, ಬೇಕಾದದ್ದು 10, ಹಾಗಾಗಿ ಎರಡು ಅಂಕ ಹೋಯಿತು. ‘ಬಿ’ಯಲ್ಲಿ ಸರಿಯಾಗಿ 6, ‘ಸಿ’ಯಲ್ಲಿ ಸರಿಯಾಗಿ 2 ಉಳಿಯುತ್ತವೆ. ಒಟ್ಟು ನಷ್ಟ ಎರಡೇ ಅಂಕ! ಮೂರನೇ ಮಾಡ್ಯೂಲನ್ನು ಬಿಟ್ಟರೆ ‘ಎ’ಯಲ್ಲಿ 8 ಮಾತ್ರ ಉಳಿದು ನಾಲ್ಕು ಅಂಕ, ‘ಬಿ’ಯಲ್ಲಿ 5 ಉಳಿದು ಐದು ಅಂಕ, ಒಟ್ಟು ಒಂಬತ್ತು ಅಂಕ ಹೋಗುತ್ತದೆ. ನಾಲ್ಕನೆಯದನ್ನು ಬಿಟ್ಟರೆ ಕಾಗದದ ಮೇಲೆ ಒಂದು ಅಂಕವೂ ಹೋಗುವುದಿಲ್ಲ. ಆದರೆ ಒಂದನ್ನೂ ನಾಲ್ಕನ್ನೂ ಜೊತೆಯಾಗಿ ಬಿಟ್ಟರೆ ‘ಎ’ಯಲ್ಲಿ ಆರು, ‘ಬಿ’ಯಲ್ಲಿ ಐದು, ಹೀಗೆ ಹನ್ನೊಂದು ಅಂಕ ಕೈತಪ್ಪಿ, ಉಳಿದದ್ದನ್ನೆಲ್ಲ ತಪ್ಪಿಲ್ಲದೆ ಬರೆದರೂ 59ಕ್ಕೆ ನಿಲ್ಲುತ್ತದೆ.

ಅಂದರೆ ಹೆಚ್ಚು ಅಂಕದ ಪ್ರಶ್ನೆಗಳು ಇರುವ ಅಧ್ಯಾಯವೂ, ಬಿಟ್ಟರೆ ಹೆಚ್ಚು ನಷ್ಟವಾಗುವ ಅಧ್ಯಾಯವೂ ಒಂದೇ ಆಗಿರಬೇಕೆಂದಿಲ್ಲ. ಎರಡನೇ ಮಾಡ್ಯೂಲಿನ ಅಂಕ ಹತ್ತರ ಎರಡು ಪ್ರಶ್ನೆಗಳಲ್ಲಿ ಗಂಟು ಕಟ್ಟಿಕೊಂಡಿದೆ, ಆ ಭಾಗದಲ್ಲಿ ಆಯ್ಕೆ ಧಾರಾಳವಾಗಿದೆ. ಮೂರನೆಯದು ಸಣ್ಣ ಪ್ರಶ್ನೆಗಳಲ್ಲಿ ಹರಡಿಕೊಂಡಿದೆ, ಅಲ್ಲಿ ಆಯ್ಕೆ ಕಡಿಮೆ. ಹಾಗೆಂದು ಎರಡನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೆ ‘ಸಿ’ ಭಾಗದಲ್ಲಿ ಉಳಿದ ಎರಡು ಪ್ರಶ್ನೆಗಳನ್ನು ಅವು ಎಷ್ಟೇ ಕಷ್ಟವಾಗಿದ್ದರೂ ಬರೆಯಲೇಬೇಕು. ಆಯ್ಕೆ ಇಲ್ಲದ ಪರೀಕ್ಷೆ ಎಷ್ಟು ಉಸಿರುಗಟ್ಟಿಸುತ್ತದೆ ಎಂಬುದು ಬರೆದವರಿಗೇ ಗೊತ್ತು.

ಒಂದೇ ಪ್ರಶ್ನೆಪತ್ರಿಕೆಯ ಲೆಕ್ಕವನ್ನು ನಂಬಬೇಡಿ. ಎರಡು ಮೂರು ಸಿಕ್ಕರೆ ಎಲ್ಲವನ್ನೂ ಎಣಿಸಿ, ಸಿಲೆಬಸ್ಸಿನ ಗಂಟೆಗಳ ಜೊತೆ ಹೋಲಿಸಿ. ಅವಳ ಕೋರ್ಸಿನ 60 ಗಂಟೆಗಳಲ್ಲಿ ಎರಡನೇ ಮತ್ತು ಮೂರನೇ ಮಾಡ್ಯೂಲುಗಳಿಗೆ ತಲಾ 18, ಉಳಿದೆರಡಕ್ಕೆ ತಲಾ 12 ಗಂಟೆ ಇತ್ತು. ಗಂಟೆಯ ಲೆಕ್ಕದಲ್ಲಿ ನಡುವಿನ ಎರಡು ಸೇರಿ ನೂರಕ್ಕೆ 60, ಅಂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 66. ಎರಡೂ ಹತ್ತಿರ ಹತ್ತಿರ ಇದ್ದರೆ ಪ್ರಶ್ನೆಪತ್ರಿಕೆ ಸಿಲೆಬಸ್ಸನ್ನು ಹಿಡಿದುಕೊಂಡೇ ಬಂದಿದೆ ಎಂದರ್ಥ. ಬಹಳ ದೂರ ಇದ್ದರೆ ನೀವು ಹಿಡಿದಿರುವುದು ಹಳೆಯ ಸಿಲೆಬಸ್ಸಿನ ಪತ್ರಿಕೆಯೋ ಎಂದು ಮತ್ತೊಮ್ಮೆ ನೋಡಿ.

ಇಷ್ಟೆಲ್ಲ ನಾನೇ ಲೆಕ್ಕ ಹಾಕಿದ ಮೇಲೆ ಅಧ್ಯಾಪಕರನ್ನು ಕೇಳುವುದಕ್ಕೆ ಏನು ಉಳಿಯಿತು?

ಲೆಕ್ಕ ಹೇಳದ ವಿಷಯಗಳೇ ಉಳಿದವು, ಮತ್ತು ಅವು ಅವರಿಗೆ ಮಾತ್ರ ಗೊತ್ತಿರುವಂಥವು. ಈ ವರ್ಷವೂ ಅದೇ ವಿನ್ಯಾಸ ಮುಂದುವರಿಯುತ್ತದೆಯೇ? ಸಿಲೆಬಸ್ಸಿನಲ್ಲಿದ್ದರೂ ತರಗತಿಯಲ್ಲಿ ಬೇಗ ಮುಗಿಸಿದ ಭಾಗವನ್ನು ಎಷ್ಟು ಆಳವಾಗಿ ಓದಿಕೊಳ್ಳಬೇಕು? ರೇಖಾಚಿತ್ರವಿಲ್ಲದೆ ಬರೆದರೆ ಅಂಕ ಕಡಿಮೆಯಾಗುತ್ತದೆಯೇ? ಅಧ್ಯಾಪಕರು ಮೌಲ್ಯಮಾಪನ ಶಿಬಿರಗಳಿಗೆ ಹೋಗಿ ಬಂದವರಾದ್ದರಿಂದ ಕೊನೆಯ ಪ್ರಶ್ನೆಗೆ ಅವರ ಉತ್ತರ ಬೆಲೆಯುಳ್ಳದ್ದು. “ಯಾವ ಅಧ್ಯಾಯ ಇಂಪಾರ್ಟೆಂಟ್” ಎಂದು ಕೇಳಿದವರಿಗಿಂತ “ನನ್ನ ಲೆಕ್ಕದಲ್ಲಿ ಮೂರನೆಯದಕ್ಕೆ ಹೆಚ್ಚು ಸಮಯ ಕೊಡಬೇಕೆಂದು ಕಾಣುತ್ತದೆ, ಇದು ಸರಿಯೇ” ಎಂದು ಕೇಳಿದವರಿಗೆ ಉತ್ತರ ಬರೆಯುವುದು ಸುಲಭ. ಹೌದು ಅಥವಾ ಅಲ್ಲ ಎಂದರೂ ಸಾಕಾಗುತ್ತದೆ, ಮತ್ತು ಅದರಲ್ಲಿ ಗುಟ್ಟು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ.

ಸ್ಲೈಡ್ ಕೇಳಿದರೆ “ಇವಳು ತರಗತಿಯಲ್ಲಿ ಬರೆದುಕೊಂಡಿಲ್ಲ” ಎಂದು ತಿಳಿದುಕೊಳ್ಳುವುದಿಲ್ಲವೇ?

ಕಾರಣ ಹೇಳದೆ ಕೇಳಿದರೆ ಹಾಗೆ ತಿಳಿದುಕೊಳ್ಳಬಹುದು. ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಳ್ಳಬಹುದಾದ ನಿಜವಾದ ಕಾರಣವೇ ಇದೆ, ಅದನ್ನು ಹೇಳಲು ನಾಚುತ್ತಾರೆ. ಹನ್ನೆರಡನೆಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿ ಪದವಿ ತರಗತಿಯಲ್ಲಿ ಕುಳಿತಾಗ ಪುಸ್ತಕ ಆಂಗ್ಲದಲ್ಲಿ, ವಿವರಣೆ ಮಲಯಾಳದಲ್ಲಿ ಇರುತ್ತದೆ. ಬೇಡಿಕೆಗೆ ಮಲಯಾಳದಲ್ಲಿ ‘ಚೋದನಂ’ ಎನ್ನುತ್ತಾರೆ, ಪೂರೈಕೆಗೆ ‘ಪ್ರದಾನಂ’. ಕನ್ನಡದ ಕಿವಿಗೆ ಚೋದನೆ ಎಂದರೆ ಪ್ರೇರಣೆ, ಪ್ರದಾನ ಎಂದರೆ ಪ್ರಶಸ್ತಿ ಕೊಡುವುದು. ಆ ಎರಡು ಪದಗಳನ್ನು ಮನಸ್ಸಿನಲ್ಲಿ ತಿರುಗಿಸಿ ಹಾಕುವಷ್ಟರಲ್ಲಿ ಪರದೆಯ ಮೇಲಿನ ರೇಖಾಚಿತ್ರ ಸರಿದು ಮುಂದಿನದು ಬಂದಿರುತ್ತದೆ. ಮಲಯಾಳ ಗೊತ್ತಿಲ್ಲವೆಂದಲ್ಲ, ಪೇಟೆಯಲ್ಲಿ ಬಸ್ಸಿನಲ್ಲಿ ಎಲ್ಲರೂ ಆಡುತ್ತಾರೆ. ಆದರೆ ಮೀನಿನ ಬೆಲೆ ಕೇಳುವ ಮಲಯಾಳಕ್ಕೂ ತಟಸ್ಥ ರೇಖೆಯನ್ನು ವಿವರಿಸುವ ಮಲಯಾಳಕ್ಕೂ ಬಹಳ ಅಂತರವಿದೆ.

ಇದನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ದೂರಿನ ಧಾಟಿ ಬೇಡ. ಜೊತೆಗೆ ಇಡೀ ಸೆಮಿಸ್ಟರಿನ ಸ್ಲೈಡ್ ಕೇಳುವುದಕ್ಕಿಂತ ಇಂಥ ಮಾಡ್ಯೂಲಿನ ಇಂಥ ರೇಖಾಚಿತ್ರಗಳಿರುವ ಭಾಗ ಎಂದು ಗುರುತಿಸಿ ಕೇಳಿದರೆ, ತರಗತಿಯಲ್ಲಿ ಕುಳಿತು ಕೇಳಿದವರೇ ಬರೆಯುತ್ತಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಪೂರ್ತಿ ಇಮೇಲನ್ನು ತೋರಿಸುತ್ತೀರಾ?

ಬದಿಯಡ್ಕದ ವಿದ್ಯಾರ್ಥಿನಿ ಕೊನೆಗೆ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ಹೆಸರು ಮತ್ತು ಸಂಖ್ಯೆಗಳನ್ನು ತೆಗೆದಿದ್ದೇನೆ.

> ವಿಷಯ: ಮೂರನೇ ಸೆಮಿಸ್ಟರ್ ಸೂಕ್ಷ್ಮ ಅರ್ಥಶಾಸ್ತ್ರ – ಪ್ರಶ್ನೆ ವಿನ್ಯಾಸ ಮತ್ತು ಮೂರನೇ ಮಾಡ್ಯೂಲಿನ ಸ್ಲೈಡ್‌ಗಳ ಬಗ್ಗೆ
>
> ಮಾನ್ಯರೇ,
>
> ನಾನು ಮೂರನೇ ಸೆಮಿಸ್ಟರ್ ಬಿ.ಎ. ಅರ್ಥಶಾಸ್ತ್ರದ ವಿದ್ಯಾರ್ಥಿನಿ (ಹೆಸರು), ಕ್ರಮಸಂಖ್ಯೆ (ಸಂಖ್ಯೆ).
>
> ಸಿಲೆಬಸ್ ಮತ್ತು ಸಿಕ್ಕಿದ ಮಾದರಿ ಪ್ರಶ್ನೆಪತ್ರಿಕೆಯನ್ನು ನೋಡಿದಾಗ ಎರಡನೇ ಮತ್ತು ಮೂರನೇ ಮಾಡ್ಯೂಲುಗಳಿಂದ ಹೆಚ್ಚಿನ ಪ್ರಶ್ನೆಗಳು ಬಂದಿರುವುದು ಕಂಡಿತು. ಸಣ್ಣ ಪ್ರಶ್ನೆಗಳು ಮೂರನೆಯದರಲ್ಲಿ ಹೆಚ್ಚಿವೆ. ಈ ವರ್ಷವೂ ಇದೇ ವಿನ್ಯಾಸ ಇರುತ್ತದೆಯೇ, ಮತ್ತು ಓದಿಗೆ ಸಮಯ ಹಂಚಿಕೊಳ್ಳುವಾಗ ಈ ಎರಡಕ್ಕೆ ಹೆಚ್ಚು ಗಮನ ಕೊಡುವುದು ಸರಿಯೇ ಎಂದು ತಿಳಿಸಬೇಕಾಗಿ ವಿನಂತಿ.
>
> ಇನ್ನೊಂದು ವಿನಂತಿ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ವೆಚ್ಚದ ರೇಖೆಗಳ ಪಾಠದಲ್ಲಿ ವಿವರಣೆಯನ್ನು ಕೇಳುತ್ತಾ ಚಿತ್ರವನ್ನೂ ಬರೆದುಕೊಳ್ಳಲು ಕಷ್ಟವಾಯಿತು. ತಮಗೆ ಅಭ್ಯಂತರವಿಲ್ಲದಿದ್ದರೆ ಮೂರನೇ ಮಾಡ್ಯೂಲಿನ ಸ್ಲೈಡ್‌ಗಳನ್ನು ಪಿಡಿಎಫ್ ರೂಪದಲ್ಲಿ ಕೊಡಬಹುದೇ? ಇಡೀ ತರಗತಿಗೆ ಕೊಡುವುದು ತಮಗೆ ಅನುಕೂಲವಾದರೆ ಹಾಗೆಯೇ ಆಗಲಿ. ತಮ್ಮ ಅನುಮತಿ ಇಲ್ಲದೆ ತರಗತಿಯ ಹೊರಗಿನವರಿಗೆ ಕಳುಹಿಸುವುದಿಲ್ಲ.
>
> ಇಂತಿ ತಮ್ಮ ವಿದ್ಯಾರ್ಥಿನಿ,
> (ಹೆಸರು)

ವಿಷಯದ ಸಾಲಿನಲ್ಲಿ ಕೋರ್ಸಿನ ಹೆಸರು ಇರುವುದನ್ನು ಗಮನಿಸಿ. ಒಬ್ಬ ಅಧ್ಯಾಪಕರಿಗೆ ಮೂರು ನಾಲ್ಕು ಕೋರ್ಸುಗಳಿರುತ್ತವೆ. ವಿಷಯದ ಸಾಲೇ ಇಲ್ಲದೆ, ಆಟದಲ್ಲಿ ಇಟ್ಟುಕೊಂಡ ಹೆಸರಿನ ವಿಳಾಸದಿಂದ, ರಾತ್ರಿ ಹನ್ನೊಂದಕ್ಕೆ “ಸರ್ ಸ್ಲೈಡ್ ಪ್ಲೀಸ್” ಎಂದು ಒಮ್ಮೆ ನನಗೆ ಬಂದಿತ್ತು. ಯಾರು, ಯಾವ ತರಗತಿ, ಯಾವ ಸ್ಲೈಡ್ ಎಂಬುದು ಇವತ್ತಿಗೂ ಗೊತ್ತಾಗಲಿಲ್ಲ.

ಅಧ್ಯಾಪಕರಿಗೆ ಕನ್ನಡ ಬಾರದಿದ್ದರೆ?

ಆಂಗ್ಲದಲ್ಲಿ ಬರೆಯಿರಿ, ಮಲಯಾಳ ಲಿಪಿ ಚೆನ್ನಾಗಿ ಬರುವವರು ಮಲಯಾಳದಲ್ಲಿಯೂ ಬರೆಯಬಹುದು. ವಿಷಯ, ಪರಿಚಯ, ಮೊದಲ ವಿನಂತಿ, ಎರಡನೇ ವಿನಂತಿ ಎಂಬ ಕ್ರಮ ಅದೇ ಇರಲಿ. ಆಂಗ್ಲದಲ್ಲಿ ಬರೆಯುವಾಗ ನಮ್ಮ ಮಕ್ಕಳು ವಿನಯ ತೋರಿಸಲೆಂದು ಆರಂಭದಲ್ಲಿಯೇ ಕ್ಷಮೆ ಕೇಳುತ್ತಾ ನಾಲ್ಕು ಸಾಲು ಕಳೆಯುತ್ತಾರೆ. ಅದು ಬೇಡ, ನೇರವಾಗಿ ವಿಷಯಕ್ಕೆ ಬರುವುದು ಅಲ್ಲಿ ಅವಿನಯವಲ್ಲ. ಕನ್ನಡ ಬಲ್ಲ ಅಧ್ಯಾಪಕರಿಗೆ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಕನ್ನಡ ಅಕ್ಷರಗಳಲ್ಲಿಯೇ ಬರೆಯಿರಿ, ಆಂಗ್ಲ ಅಕ್ಷರಗಳಲ್ಲಿ ಬರೆದ ಕನ್ನಡವನ್ನು ಓದುವುದು ದೊಡ್ಡ ಕಷ್ಟ.

‘ಸರ್’ ಎನ್ನಬೇಕೇ, ‘ಗುರುಗಳೇ’ ಎನ್ನಬೇಕೇ? ಮೇಡಂ ಅವರನ್ನು ‘ಟೀಚರ್’ ಎನ್ನಬಹುದೇ?

ತರಗತಿಯಲ್ಲಿ ಕರೆಯುವಂತೆಯೇ ಬರೆದರೆ ಸಾಕು. ನಮ್ಮ ಜಿಲ್ಲೆಯಲ್ಲಿ ಕಾಲೇಜಿನಲ್ಲಿಯೂ ‘ಟೀಚರ್’ ಎನ್ನುವುದು ಗೌರವದ ಮಾತೇ, ಆದರೆ ಮಂಗಳೂರಿನ ಕಡೆಯಿಂದ ಬಂದವರಿಗೆ ಅದು ಪ್ರಾಥಮಿಕ ಶಾಲೆಯ ಕರೆಯಂತೆ ಕೇಳಬಹುದು. ‘ಮಾನ್ಯರೇ’ ಎಂದರೆ ಯಾರಿಗೂ ತೊಡಕಿಲ್ಲ. ‘ಪೂಜ್ಯ ಗುರುವರ್ಯರ ಪಾದಾರವಿಂದಗಳಿಗೆ’ ಎಂದೂ ಒಬ್ಬ ಬರೆದಿದ್ದ. ಓದಿ ಸಂತೋಷವಾಯಿತು, ಸ್ಲೈಡನ್ನೂ ಕಳುಹಿಸಿದೆ, ಆದರೆ ಅನುಕರಿಸಬೇಕಾಗಿಲ್ಲ.

ಸ್ಲೈಡ್ ಬಂತು, ಆದರೆ ಫೋನಿನಲ್ಲಿ ತೆರೆದರೆ ಅಕ್ಷರಗಳೆಲ್ಲ ಕೆಟ್ಟಿವೆ. ಏನು ಮಾಡಲಿ?

ಕನ್ನಡ ವಿಭಾಗದ ಸ್ಲೈಡ್‌ಗಳಲ್ಲಿ ಇದು ಬಹಳ ಆಗುತ್ತದೆ. ‘ಕನ್ನಡ’ ಎಂದಿರಬೇಕಾದ ಕಡೆ `PÀ£ÀßqÀ` ಎಂದು ಕಂಡರೆ ಕಡತ ಹಾಳಾಗಿಲ್ಲ. ಅದನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದಾರೆ, ನಿಮ್ಮ ಫೋನಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಅಧ್ಯಾಪಕರ ಗಣಕದಲ್ಲಿ ಅದು ಸರಿಯಾಗಿಯೇ ಕಾಣುವುದರಿಂದ ಅವರಿಗೆ ಈ ತೊಂದರೆ ಗೊತ್ತೇ ಇರುವುದಿಲ್ಲ. ಪಿಡಿಎಫ್ ಮಾಡಿದಾಗ ಫಾಂಟಿನ ಆಕಾರಗಳು ಕಡತದೊಳಗೇ ಸೇರಿಕೊಳ್ಳುವುದರಿಂದ ಎಲ್ಲ ಕಡೆಯೂ ಸರಿಯಾಗಿ ಕಾಣುತ್ತವೆ. ಮೇಲಿನ ಇಮೇಲಿನಲ್ಲಿ ಪಿಡಿಎಫ್ ಎಂದು ಕೇಳಿದ್ದಕ್ಕೆ ಒಂದು ಕಾರಣ ಇದು. ಕೆಟ್ಟ ಅಕ್ಷರಗಳ ಒಂದು ಚಿತ್ರ ತೆಗೆದು ಜೊತೆಗೆ ಕಳುಹಿಸಿದರೆ ಅವರಿಗೆ ಥಟ್ಟನೆ ಅರ್ಥವಾಗುತ್ತದೆ.

ಪಿಡಿಎಫ್‌ಗೂ ಒಂದು ಕೊರತೆ ಇದೆ. ತರಗತಿಯಲ್ಲಿ ಒಂದೊಂದಾಗಿ ಮೂಡಿ ಬರುತ್ತಿದ್ದ ರೇಖೆಗಳು ಪಿಡಿಎಫ್‌ನಲ್ಲಿ ಒಂದರ ಮೇಲೊಂದು ಬಿದ್ದು, ಐದು ರೇಖೆಗಳ ಗೋಜಲು ಒಟ್ಟಿಗೆ ಕಾಣುತ್ತದೆ. ಅಂಥ ಸ್ಲೈಡ್ ಇದ್ದರೆ ಅದೊಂದಕ್ಕೆ ಮೂಲ ಕಡತವನ್ನು ಕೇಳಬಹುದು, ಅಥವಾ ಟಿಪ್ಪಣಿಯಲ್ಲಿ ನೀವು ಬರೆದುಕೊಂಡ ಕ್ರಮವನ್ನು ನೋಡಿ ರೇಖೆಗಳಿಗೆ ಸಂಖ್ಯೆ ಹಾಕಿಕೊಳ್ಳಬಹುದು.

ಡ್ರೈವ್ ಕೊಂಡಿ ಬಂದು, ಅದನ್ನು ಒತ್ತಿದಾಗ `You need access` ಎಂದು ಬಂದರೆ ಅವರು ಅನುಮತಿಯನ್ನು ಬದಲಿಸಲು ಮರೆತಿದ್ದಾರೆ. ಅಥವಾ ಕಾಲೇಜಿನ ವಿಳಾಸ ಇರುವವರಿಗಷ್ಟೇ ತೆರೆದಿಟ್ಟಿದ್ದಾರೆ, ನೀವು ಸ್ವಂತ ವಿಳಾಸದಿಂದ ನೋಡುತ್ತಿದ್ದೀರಿ. ಮೊದಲು ಕಾಲೇಜಿನ ವಿಳಾಸದಿಂದ ತೆರೆದು ನೋಡಿ, ಆಗಲೂ ಆಗದಿದ್ದರೆ ತಿಳಿಸಿ.

ಸಿಕ್ಕಿದ ಸ್ಲೈಡನ್ನು ವಾಟ್ಸಾಪ್ ಗುಂಪಿಗೆ ಹಾಕಬಹುದೇ?

ನಿಮ್ಮ ತರಗತಿಯ ಗುಂಪಿಗಾದರೂ ಕೇಳಿ ಹಾಕುವುದು ಒಳ್ಳೆಯದು. ಸ್ಲೈಡ್ ಕೊಡಲು ಅಧ್ಯಾಪಕರು ಹಿಂದೆಮುಂದೆ ನೋಡುವುದು ಜಿಪುಣತನದಿಂದಲ್ಲ. ಅದರೊಳಗಿನ ಚಿತ್ರಗಳು, ಕೋಷ್ಟಕಗಳು ಎಷ್ಟೋ ಸಲ ಪಠ್ಯಪುಸ್ತಕಗಳಿಂದ ತೆಗೆದವು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಬೋಧನೆಯ ಅಂಗವಾಗಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಪ್ರತಿ ಮಾಡಿಕೊಳ್ಳುವುದಕ್ಕೆ ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಫೋಟೊಕಾಪಿ ಅಂಗಡಿಯ ಮೇಲೆ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಈ ಅವಕಾಶವನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ಅದು ಪಾಠದ ಒಳಗಿನ ಮಾತು. ಊರಿಗೆಲ್ಲ ತೆರೆದಿರುವ ಗುಂಪಿಗೆ ಹಾಕಿದರೆ, ಅಥವಾ ಯಾರೋ ಅದನ್ನು ಮಾರುವ ನೋಟ್ಸಿನಲ್ಲಿ ಸೇರಿಸಿದರೆ ಆ ರಕ್ಷಣೆ ಅಲ್ಲಿಗೆ ಹೋಗುತ್ತದೆಂದು ಹೇಳಲಾಗದು. ನನ್ನದೇ ಸ್ಲೈಡ್‌ಗಳು ಒಮ್ಮೆ ಬೇರೆ ಊರಿನ ಟ್ಯೂಷನ್ ಕೇಂದ್ರವೊಂದರ ಮುದ್ರೆ ಹೊತ್ತು ನನ್ನ ಬಳಿಗೇ ಮರಳಿ ಬಂದಿದ್ದವು, ಕಾಗುಣಿತದ ತಪ್ಪುಗಳೂ ಹಾಗೆಯೇ ಇದ್ದವು.

ಕೊಡುವುದಿಲ್ಲ ಎಂದರೆ?

ಒತ್ತಾಯಿಸಬೇಡಿ. ಆ ಸ್ಲೈಡ್ ಯಾವ ಪುಸ್ತಕದ ಯಾವ ಅಧ್ಯಾಯವನ್ನು ಆಧರಿಸಿದೆ ಎಂದು ಕೇಳಿ. ಅದನ್ನು ಯಾರೂ ಬಚ್ಚಿಡುವುದಿಲ್ಲ, ಗ್ರಂಥಾಲಯದಲ್ಲಿ ಆ ಅಧ್ಯಾಯ ಸಿಕ್ಕರೆ ಸ್ಲೈಡಿನ ಹತ್ತು ಸಾಲುಗಳಿಗಿಂತ ಹೆಚ್ಚೇ ಸಿಗುತ್ತದೆ.

ಯಾವಾಗ ಕಳುಹಿಸಬೇಕು? ಉತ್ತರ ಬಾರದಿದ್ದರೆ ಎಷ್ಟು ದಿನ ಕಾಯಬೇಕು?

ಮಾಡ್ಯೂಲ್ ಮುಗಿದ ವಾರದಲ್ಲಿಯೇ ಸ್ಲೈಡ್ ಕೇಳುವುದು ಅತ್ಯಂತ ಸೂಕ್ತ, ಆಗ ಕಡತ ಅವರ ಕೈಯಲ್ಲೇ ಇರುತ್ತದೆ. ಪ್ರಶ್ನೆ ವಿನ್ಯಾಸದ ಬಗ್ಗೆ ಕೊನೆಯ ತರಗತಿಗಿಂತ ಎರಡು ಮೂರು ವಾರ ಮೊದಲು ಕೇಳಿದರೆ, ಅವರು ಅದನ್ನು ತರಗತಿಯಲ್ಲಿ ಎಲ್ಲರಿಗೂ ಹೇಳಲು ಸಮಯವಿರುತ್ತದೆ. ಪರೀಕ್ಷೆಯ ಹಿಂದಿನ ದಿನದ ಇಮೇಲಿಗೆ ಉತ್ತರ ಬಂದರೂ ಪ್ರಯೋಜನವಿಲ್ಲ.

ನಾಲ್ಕೈದು ಕೆಲಸದ ದಿನ ಕಾಯಿರಿ. ಆಮೇಲೆ ಅದೇ ಇಮೇಲಿಗೆ ಉತ್ತರವಾಗಿ ಎರಡು ಸಾಲು ಬರೆಯಿರಿ, ಹೊಸದಾಗಿ ಆರಂಭಿಸಬೇಡಿ. ಮೊದಲನೆಯದು ಕೆಳಗೇ ಇದ್ದರೆ ಅವರು ಹುಡುಕಬೇಕಾಗಿಲ್ಲ. ಅದಕ್ಕೂ ಉತ್ತರವಿಲ್ಲದಿದ್ದರೆ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿ. ವಿಭಾಗದ ಮುಖ್ಯಸ್ಥರಿಗೆ ಪ್ರತಿ ಹಾಕಿ ಕಳುಹಿಸುವುದನ್ನು ಮಾತ್ರ ಮಾಡಬೇಡಿ. ಕೇಳಿದ್ದು ಸ್ಲೈಡ್, ತಲುಪುವುದು ದೂರು.

ಪಾಠ ಮಾಡಿದ ಅತಿಥಿ ಉಪನ್ಯಾಸಕರು ನಡುವೆಯೇ ಬಿಟ್ಟುಹೋದರು. ಯಾರನ್ನು ಕೇಳಲಿ?

ಸ್ಲೈಡ್ ಅವರದ್ದು, ಹಾಗಾಗಿ ಅದನ್ನು ಅವರನ್ನೇ ಕೇಳಬೇಕು. ಪೋರ್ಷನ್ ಮತ್ತು ಇಂಟರ್ನಲ್ ಅಂಕಗಳ ವಿಷಯವನ್ನು ಈಗ ಕೋರ್ಸ್ ನೋಡಿಕೊಳ್ಳುತ್ತಿರುವವರಲ್ಲಿ ಕೇಳಿ.

ಉತ್ತರ ಬಂದ ಮೇಲೆ ಮತ್ತೆ ಬರೆಯಬೇಕೇ?

ಸಿಕ್ಕಿತು ಎಂದು ಒಂದು ಸಾಲು ಸಾಕು. ಓದುವಾಗ ಏನಾದರೂ ಹೊಂದದಂತೆ ಕಂಡರೆ ಅದನ್ನೂ ಬರೆಯಿರಿ. ಬದಿಯಡ್ಕದ ಆ ವಿದ್ಯಾರ್ಥಿನಿ ಮೂರನೇ ಮಾಡ್ಯೂಲಿನ ಪಿಡಿಎಫ್ ಸಿಕ್ಕಿದ ಎರಡು ದಿನಗಳ ನಂತರ ಹೀಗೆ ಬರೆದಿದ್ದಳು: “ಸರ್, ಸೀಮಾಂತ ವೆಚ್ಚದ ರೇಖೆಯು ಸರಾಸರಿ ವೆಚ್ಚದ ರೇಖೆಯನ್ನು ಅದರ ಕನಿಷ್ಠ ಬಿಂದುವಿನಲ್ಲಿ ಛೇದಿಸಬೇಕೆಂದು ಪುಸ್ತಕದಲ್ಲಿದೆ, ತಮ್ಮ ಚಿತ್ರದಲ್ಲಿ ಅದಕ್ಕಿಂತ ಎಡಕ್ಕೆ ಛೇದಿಸುತ್ತಿದೆ, ನಾನು ತಪ್ಪಾಗಿ ನೋಡುತ್ತಿದ್ದೇನೆಯೇ?” ಅವಳು ಸರಿಯಾಗಿಯೇ ನೋಡಿದ್ದಳು. ಆ ಚಿತ್ರವನ್ನು ನಾನು ಆರು ವರ್ಷಗಳಿಂದ ಹಾಗೆಯೇ ತೋರಿಸುತ್ತಾ ಬಂದಿದ್ದೆ, ಅವತ್ತು ಸಂಜೆ ಕುಳಿತು ರೇಖೆಯನ್ನು ಬಲಕ್ಕೆ ಸರಿಸಿ ಇಡೀ ತರಗತಿಗೆ ಮತ್ತೊಮ್ಮೆ ಕಳುಹಿಸಿದೆ.